ತಿರುಗುವ ಬಳೆ, ಜಾರುವ ಮಣಿ: T + V ಸ್ಥಿರವಲ್ಲದಿದ್ದರೆ ಸ್ಥಿರವಾಗಿರುವುದು ಯಾವುದು?

ಪ್ರಶ್ನೆ: ಸರ್, ನಾನು ಎಂ.ಎಸ್ಸಿ. ಭೌತಶಾಸ್ತ್ರದ ಮೊದಲ ಸೆಮಿಸ್ಟರ್‌ನಲ್ಲಿದ್ದೇನೆ. ಲಂಬವಾಗಿ ನಿಂತ ಬಳೆಯೊಂದನ್ನು ಮೋಟಾರು ಅದರ ಲಂಬ ವ್ಯಾಸದ ಸುತ್ತ ಒಂದೇ ಕೋನೀಯ ವೇಗ ω ದಲ್ಲಿ ತಿರುಗಿಸುತ್ತಿದೆ. ಬಳೆಯ ಮೇಲೆ ಘರ್ಷಣೆ ಇಲ್ಲದೆ ಜಾರುವ ಒಂದು ಮಣಿ. ಚಲನಶಕ್ತಿ T, ಪ್ರಚ್ಛನ್ನ ಶಕ್ತಿ V ಸೇರಿದ T + V ಸ್ಥಿರ ಎಂದು ಬರೆದು ಡಿಫರೆನ್ಶಿಯೇಟ್ ಮಾಡಿದರೆ ಒಂದು ಸಮೀಕರಣ ಬರುತ್ತದೆ, ಲಗ್ರಾಂಜಿಯನ್ ವಿಧಾನದಲ್ಲಿ ಇನ್ನೊಂದು. ಎರಡರಲ್ಲೂ ಎಲ್ಲ ಒಂದೇ, ω² ಇರುವ ಪದದ ಚಿಹ್ನೆ ಮಾತ್ರ ಉಲ್ಟಾ. ಬಳೆಯ ಪ್ರತಿಕ್ರಿಯಾ ಬಲ ಕೆಲಸ ಮಾಡುವುದಿಲ್ಲ ಎಂದು ಪಾಠದಲ್ಲೇ ಹೇಳಿದ್ದಾರೆ, ಘರ್ಷಣೆಯೂ ಇಲ್ಲ. ಹಾಗಾದರೆ ಶಕ್ತಿ ಏಕೆ ಉಳಿಯಬಾರದು? ರೂಂಮೇಟ್ "ಕೇಂದ್ರಾಪಗಾಮಿ ಬಲ ಸೇರಿಸೋದು ಮರೆತಿದ್ದೀಯ" ಅಂದ. ಅದನ್ನು ಲಗ್ರಾಂಜಿಯನ್‌ಗೆ ಸೇರಿಸಿದರೆ ಮೂರನೇ ಉತ್ತರ ಬಂತು. ಯಾವುದನ್ನು ನಂಬಲಿ?

ಉತ್ತರ: ಲಗ್ರಾಂಜಿಯನ್‌ನಿಂದ ಮೊದಲು ಬಂದ ಉತ್ತರವನ್ನು ನಂಬಿ. ಉಳಿದ ಎರಡರಲ್ಲಿ ಲೆಕ್ಕದ ತಪ್ಪೇನೂ ಇಲ್ಲ, ಹೊರಟ ಜಾಗ ತಪ್ಪು. ಈ ಮಣಿಗೆ T + V ಸ್ಥಿರವಲ್ಲ. ಘರ್ಷಣೆ ಇಲ್ಲದಿದ್ದರೂ ಅಲ್ಲ, ಏಕೆಂದರೆ ಬಳೆ ಮಣಿಯ ಮೇಲೆ ನಿಜವಾಗಿಯೂ ಕೆಲಸ ಮಾಡುತ್ತಿದೆ. ಪಾಠದಲ್ಲಿ ಹೇಳಿದ ಮಾತೂ ಸುಳ್ಳಲ್ಲ, ಆದರೆ ಅದು ಬೇರೊಂದು ಬಗೆಯ ಕೆಲಸದ ಬಗ್ಗೆ ಹೇಳಿದ ಮಾತು. ಈ ಎರಡನ್ನು ಬಿಡಿಸಿ ನೋಡಿದರೆ ಗಂಟು ತಾನಾಗಿ ಸಡಿಲವಾಗುತ್ತದೆ.

ಮೊದಲು ಲೆಕ್ಕವನ್ನು ಒಂದೇ ರೀತಿಯಲ್ಲಿ ಬರೆದುಕೊಳ್ಳೋಣ. ಬಳೆಯ ತ್ರಿಜ್ಯ R. ಮಣಿ ಬಳೆಯ ತಳದಿಂದ ಎಷ್ಟು ಕೋನ ಮೇಲೇರಿದೆ ಎಂಬುದು θ, ತಳದಲ್ಲಿ θ = 0, ನೆತ್ತಿಯಲ್ಲಿ θ = 180°. ಮೂರು ಆಯಾಮಗಳಲ್ಲಿ ಒಂದು ಕಣಕ್ಕೆ ಮೂರು ನಿರ್ದೇಶಾಂಕ ಬೇಕು. ಇಲ್ಲಿ ಎರಡು ನಿರ್ಬಂಧಗಳಿವೆ. ಕೇಂದ್ರದಿಂದ ದೂರ ಸದಾ R ಆಗಿರಬೇಕು, ಮತ್ತು ಲಂಬಾಕ್ಷದ ಸುತ್ತಲಿನ ಕೋನ φ ಮೋಟಾರು ಹೇಳಿದಂತೆ ωt ಆಗಿರಬೇಕು. ಮೂರರಲ್ಲಿ ಎರಡು ಹೋದರೆ ಉಳಿಯುವುದು ಒಂದೇ, ಅದೇ θ. ಸಾಮಾನ್ಯೀಕೃತ ನಿರ್ದೇಶಾಂಕ ಎಂದರೆ ಇಷ್ಟೇ: ನಿರ್ಬಂಧಗಳನ್ನೆಲ್ಲ ಒಪ್ಪಿಕೊಂಡ ಮೇಲೂ ಮಣಿಗೆ ಉಳಿದಿರುವ ಸ್ವಾತಂತ್ರ್ಯವನ್ನು ಅಳೆಯುವ ಸಂಖ್ಯೆ. ಎರಡನೆಯ ನಿರ್ಬಂಧದೊಳಗೆ ಕಾಲ t ಕೂತಿದೆ ಎಂಬುದನ್ನು ಗಮನದಲ್ಲಿಡಿ. ಮುಂದಿನ ತೊಂದರೆಯೆಲ್ಲ ಹುಟ್ಟುವುದು ಅಲ್ಲಿಂದಲೇ.

ನೆಲದ ಮೇಲೆ ನಿಂತು ನೋಡುವವರಿಗೆ ಮಣಿಯ ವೇಗದಲ್ಲಿ ಎರಡು ಭಾಗಗಳು ಕಾಣುತ್ತವೆ. ಬಳೆಯ ಉದ್ದಕ್ಕೆ R θ̇, ಬಳೆಯ ಸಮತಲಕ್ಕೆ ಅಡ್ಡವಾಗಿ ω R sinθ. ಒಂದಕ್ಕೊಂದು ಲಂಬವಾಗಿರುವುದರಿಂದ ವರ್ಗಗಳನ್ನು ಕೂಡಿಸಿದರೆ ಸಾಕು:

T = ½ m R² θ̇² + ½ m R² ω² sin²θ

V = − m g R cosθ

L = T − V ಎಂದು ಬರೆದು d/dt(∂L/∂θ̇) = ∂L/∂θ ಎನ್ನುವ ಸಮೀಕರಣಕ್ಕೆ ಹಾಕಿ. ಎಡಗಡೆ m R² θ̈ ಬರುತ್ತದೆ. ಬಲಗಡೆ T ಯ ಎರಡನೇ ಪದದಿಂದ m R² ω² sinθ cosθ, V ಯಿಂದ − m g R sinθ. ಭಾಗಿಸಿ ಬರೆದರೆ

θ̈ = sinθ (ω² cosθ − g/R)

ನಿಮ್ಮ ಇನ್ನೊಂದು ದಾರಿಯಲ್ಲಿ T + V ಯನ್ನು ಡಿಫರೆನ್ಶಿಯೇಟ್ ಮಾಡಿದರೆ ಬರುವುದು

θ̈ = − sinθ (ω² cosθ + g/R)

ಎರಡರ ಅರ್ಥಗಳಿಗೆ ಅಜಗಜಾಂತರ. ಮೊದಲನೆಯದು ಬಳೆಯನ್ನು ಜೋರಾಗಿ ತಿರುಗಿಸಿದರೆ ಮಣಿ ಮೇಲೇರುತ್ತದೆ ಎನ್ನುತ್ತದೆ. ಎರಡನೆಯದು, ಜೋರಾಗಿ ತಿರುಗಿಸಿದಷ್ಟೂ ಮಣಿ ತಳಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ ಎನ್ನುತ್ತದೆ. ಪರೀಕ್ಷೆಯಲ್ಲಿ ಇಂಥ ಉತ್ತರ ಬಂದಾಗ ಸಮೀಕರಣವನ್ನು ಮತ್ತೆ ಮತ್ತೆ ತಿದ್ದುವ ಬದಲು ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ತಿರುಗುವಿಕೆ ಮಣಿಯನ್ನು ಅಕ್ಷದಿಂದ ಆಚೆ ತಳ್ಳುತ್ತಿದೆಯೋ, ಅಕ್ಷದ ಕಡೆಗೆ ಎಳೆಯುತ್ತಿದೆಯೋ? ಚಿಹ್ನೆಯ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. "ನಿರ್ಬಂಧ ಬಲ ಕೆಲಸ ಮಾಡುವುದಿಲ್ಲ" ಎಂಬ ವಾಕ್ಯ ಲಗ್ರಾಂಜ್ ವಿಧಾನದ ಬುನಾದಿ. ಅದರಲ್ಲಿ ಬರುವ ಕೆಲಸ ಕಾಲ್ಪನಿಕ ಸ್ಥಾನಾಂತರದಲ್ಲಿ ಆಗುವ ಕೆಲಸ. ಗಡಿಯಾರವನ್ನು ನಿಲ್ಲಿಸಿ, ಬಳೆ ಆ ಕ್ಷಣದಲ್ಲಿ ಎಲ್ಲಿದೆಯೋ ಅಲ್ಲೇ ಇರಲಿ ಎಂದುಕೊಂಡು, ಮಣಿಯನ್ನು δθ ನಷ್ಟು ಸರಿಸಿದಂತೆ ಊಹಿಸಿಕೊಳ್ಳುವುದು. ಹಾಗೆ ಸರಿಸಿದಾಗ ಮಣಿ ಬಳೆಯ ತಂತಿಯ ಉದ್ದಕ್ಕೆ ಮಾತ್ರ ಹೋಗಬಲ್ಲದು. ತಂತಿಯ ಪ್ರತಿಕ್ರಿಯಾ ಬಲ ತಂತಿಗೆ ಲಂಬ. ಕೆಲಸ ಸೊನ್ನೆ. ಆದ್ದರಿಂದಲೇ θ ಗೆ ಸಮೀಕರಣ ಬರೆಯುವಾಗ ಆ ಬಲದ ಹೆಸರೆತ್ತದೆ ಮುಂದೆ ಹೋಗಬಹುದು.

ಗಡಿಯಾರ ಓಡುತ್ತಿರುವಾಗ ಮಣಿ ಹೋಗುವ ದಾರಿ ಬೇರೆ. dt ಕಾಲದಲ್ಲಿ ಅದು ತಂತಿಯ ಉದ್ದಕ್ಕೆ R dθ ಸರಿಯುತ್ತದೆ, ಜೊತೆಗೆ ಬಳೆ ಅದನ್ನು ಅಡ್ಡಕ್ಕೆ ω R sinθ dt ನಷ್ಟು ಹೊತ್ತೊಯ್ಯುತ್ತದೆ. ಪ್ರತಿಕ್ರಿಯಾ ಬಲದಲ್ಲೂ ಎರಡು ಘಟಕಗಳಿವೆ: ಒಂದು ಬಳೆಯ ಸಮತಲದಲ್ಲಿ ಕೇಂದ್ರದ ಕಡೆಗೆ, ಇನ್ನೊಂದು ಆ ಸಮತಲಕ್ಕೆ ಅಡ್ಡವಾಗಿ. ಈ ಅಡ್ಡ ಘಟಕ ಏಕೆ ಬೇಕು? ಮಣಿ ಮೇಲೇರಿದಂತೆ ಅಕ್ಷದಿಂದ ದೂರವಾಗುತ್ತದೆ. ದೂರವಾದಷ್ಟೂ ಅದೇ ω ಗೆ ಹೆಚ್ಚಿನ ಅಡ್ಡ ವೇಗ ಬೇಕು, ಆ ವೇಗವನ್ನು ಕೊಡುವವರು ಯಾರಾದರೂ ಇರಬೇಕಲ್ಲ. ಕೊಡುವುದು ಬಳೆಯ ತಂತಿಯ ಪಕ್ಕ. ಆ ಬಲ

N = 2 m R ω θ̇ cosθ

ಇದೇ ದಿಕ್ಕಿನಲ್ಲಿ ಮಣಿ ω R sinθ ವೇಗದಿಂದ ಹೋಗುತ್ತಿದೆ. ಬಲ ಮತ್ತು ವೇಗ ಒಂದೇ ದಿಕ್ಕಿನಲ್ಲಿದ್ದರೆ ಸಾಮರ್ಥ್ಯ ಎಂದರೆ ಅವುಗಳ ಗುಣಲಬ್ಧ: 2 m R² ω² θ̇ sinθ cosθ. ಇದು m R² ω² sin²θ ಎಂಬುದರ ಕಾಲಾವಕಲನವೇ ಎಂದು ಒಂದೇ ಸಾಲಿನಲ್ಲಿ ಪರೀಕ್ಷಿಸಿಕೊಳ್ಳಬಹುದು. ಅಂದರೆ ಮಣಿ ತಳದಿಂದ θ ವರೆಗೆ ಏರುವಷ್ಟರಲ್ಲಿ ಬಳೆ, ಬಳೆಯ ಹಿಂದಿರುವ ಮೋಟಾರು, ಮಣಿಗೆ m R² ω² sin²θ ನಷ್ಟು ಶಕ್ತಿ ಕೊಟ್ಟಿರುತ್ತದೆ. ಮಣಿ ಕೆಳಗಿಳಿಯುವಾಗ ಅಷ್ಟನ್ನೂ ಮೋಟಾರಿಗೆ ವಾಪಸ್ ಕೊಡುತ್ತದೆ.

ಮೋಟಾರು ಕೊಟ್ಟದ್ದನ್ನು T + V ಯಿಂದ ಕಳೆದರೆ ಉಳಿಯುವುದು ಸ್ಥಿರವಾಗಿರಲೇಬೇಕು:

h = ½ m R² θ̇² − ½ m R² ω² sin²θ − m g R cosθ

ಇದಕ್ಕೆ ಯಾಕೋಬಿ ಅನುಕಲ ಎನ್ನುತ್ತಾರೆ. ಲಗ್ರಾಂಜಿಯನ್‌ನಿಂದ ನೇರವಾಗಿ θ̇ ∂L/∂θ̇ − L ಎಂದು ಲೆಕ್ಕ ಹಾಕಿದರೂ ಇದೇ ಸಿಗುತ್ತದೆ. L ನಲ್ಲಿ t ಕಣ್ಣಿಗೆ ಕಾಣುವಂತೆ ಇಲ್ಲದಿದ್ದರೆ h ಸ್ಥಿರ, ಅಷ್ಟೇ ನಿಯಮ. h ಮತ್ತು T + V ಒಂದೇ ಆಗುವುದು ಯಾವಾಗ? T ಯಲ್ಲಿರುವ ಪ್ರತಿ ಪದದಲ್ಲೂ θ̇ ವರ್ಗವಾಗಿ ಇದ್ದಾಗ (ಮತ್ತು V ಯಲ್ಲಿ ವೇಗ ಇಲ್ಲದಿದ್ದಾಗ). ಇಲ್ಲಿ ½ m R² ω² sin²θ ಎಂಬ ಪದದಲ್ಲಿ θ̇ ಇಲ್ಲವೇ ಇಲ್ಲ. ಕಾಲ ಕೂತಿದ್ದ ನಿರ್ಬಂಧದಿಂದ ಬಂದ ಪದ ಅದು. h ನಲ್ಲಿ ಅದರ ಚಿಹ್ನೆ ತಿರುಗುತ್ತದೆ. ನಿಮ್ಮ ಎರಡು ಸಮೀಕರಣಗಳ ವ್ಯತ್ಯಾಸ ಪೂರ್ತಿಯಾಗಿ ಇಷ್ಟೇ. T + V ಬದಲು h ಅನ್ನು ಡಿಫರೆನ್ಶಿಯೇಟ್ ಮಾಡಿ ನೋಡಿ, ಲಗ್ರಾಂಜಿಯನ್ ಉತ್ತರವೇ ಕೈಗೆ ಬರುತ್ತದೆ. ಶಕ್ತಿಯ ದಾರಿಯಿಂದ ಸಮೀಕರಣ ತರಬೇಕೆಂಬ ನಿಮ್ಮ ಆಸೆಯಲ್ಲಿ ದೋಷವಿರಲಿಲ್ಲ, ಯಾವ ಶಕ್ತಿ ಎಂಬುದರಲ್ಲಿ ಇತ್ತು.

ಸಂಖ್ಯೆ ಹಾಕಿ ನೋಡಿದರೆ ಇದು ಮನಸ್ಸಿನಲ್ಲಿ ಉಳಿಯುತ್ತದೆ. R = 10 ಸೆಂ.ಮೀ., ಮಣಿ 10 ಗ್ರಾಂ, ಬಳೆ ನಿಮಿಷಕ್ಕೆ 120 ಸುತ್ತು, ಅಂದರೆ ω = 12.57 ರೇಡಿಯನ್/ಸೆಕೆಂಡ್. g = 9.8 ಇಟ್ಟುಕೊಳ್ಳಿ. ಮಣಿಯನ್ನು ತಳದಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿ ಬಿಟ್ಟುಬಿಡಿ. ಆಗ ಬಳೆಯ ಉದ್ದಕ್ಕೂ ವೇಗವಿಲ್ಲ, ಅಡ್ಡಕ್ಕೂ ಹೆಚ್ಚುಕಡಿಮೆ ಇಲ್ಲ, ಆದ್ದರಿಂದ h = − m g R. ಮಣಿ ಮೇಲೇರಿ ಕ್ಷಣಕಾಲ ನಿಲ್ಲುವ ಜಾಗದಲ್ಲಿ θ̇ = 0. h ಅದೇ ಉಳಿಯಬೇಕೆಂದರೆ

1 + cosθ = 2g/(R ω²)

ಬಲಗಡೆ 1.241. cosθ = 0.241, θ ಸುಮಾರು 76°. ಆ ಜಾಗದಲ್ಲಿ ಮಣಿಯ ಪ್ರಚ್ಛನ್ನ ಶಕ್ತಿ 7.4 ಮಿಲಿಜೂಲ್ ಹೆಚ್ಚಾಗಿದೆ. ಅಕ್ಷದ ಸುತ್ತ ಸುತ್ತುವುದರಿಂದ ಬಂದ ಚಲನಶಕ್ತಿಯೂ 7.4 ಮಿಲಿಜೂಲ್. ಒಟ್ಟು 14.9, ಎಲ್ಲವೂ ಮೋಟಾರಿನದ್ದು. ಕೊಟ್ಟದ್ದರಲ್ಲಿ ಸರಿಯಾಗಿ ಅರ್ಧ ಎತ್ತರಕ್ಕೆ, ಅರ್ಧ ಸುತ್ತಾಟಕ್ಕೆ ಹೋಗಿದೆ. ಇದು ಕಾಕತಾಳೀಯವಲ್ಲ. ತಳದಿಂದ ಹೊರಟು ಎಲ್ಲೇ ನಿಂತರೂ h ಹಾಗೇ ಹಂಚುತ್ತದೆ. T + V ಸ್ಥಿರ ಎನ್ನುವವರ ಪ್ರಕಾರ ಈ ಮಣಿ ತಳ ಬಿಟ್ಟು ಏಳುವಂತೆಯೇ ಇಲ್ಲ, ಏಕೆಂದರೆ ಅದರ ಬಳಿ ಏರುವುದಕ್ಕೆ ಶಕ್ತಿಯೇ ಇರಲಿಲ್ಲ.

ಆದರೂ ಒಂದು ಸಂಶಯ ನಿಮಗೆ ಬರಬಹುದು, ಬರಬೇಕು ಕೂಡ. ಮೋಟಾರನ್ನೂ ಬಳೆಯನ್ನೂ ಸೇರಿಸಿಕೊಂಡು ನೋಡಿದರೆ ಶಕ್ತಿ ಉಳಿಯಲೇಬೇಕಲ್ಲವೇ? ಖಂಡಿತ. ಅದನ್ನು ತೋರಿಸಲು ಮೋಟಾರನ್ನು ಬಿಚ್ಚಿ ಪಕ್ಕಕ್ಕಿಡೋಣ. ಬಳೆಯನ್ನು ಒಮ್ಮೆ ತಿರುಗಿಸಿ ಬಿಟ್ಟಿದ್ದೇವೆ, ಬೇರಿಂಗ್‌ನಲ್ಲಿ ಘರ್ಷಣೆ ಇಲ್ಲ. ಅಕ್ಷದ ಸುತ್ತ ಬಳೆಯ ಮೊಮೆಂಟ್ ಆಫ್ ಇನರ್ಷಿಯಾ I. ಈಗ φ ಅನ್ನು ಯಾರೂ ಹಿಡಿದಿಟ್ಟಿಲ್ಲ, ಆದ್ದರಿಂದ ಸಾಮಾನ್ಯೀಕೃತ ನಿರ್ದೇಶಾಂಕಗಳು ಎರಡು. ಕೋನೀಯ ಸಂವೇಗ J = (I + m R² sin²θ) φ̇ ಸ್ಥಿರ, ಒಟ್ಟು ಶಕ್ತಿಯೂ ಸ್ಥಿರ:

E = ½ m R² θ̇² + J²/[2(I + m R² sin²θ)] − m g R cosθ

ಇಲ್ಲಿ ನಿಮ್ಮ ವಿಧಾನ, ಅಂದರೆ E ಯನ್ನು ಡಿಫರೆನ್ಶಿಯೇಟ್ ಮಾಡುವುದು, ಪೂರ್ತಿ ಸರಿ. ಮಾಡಿದರೆ θ̈ = sinθ (φ̇² cosθ − g/R) ಬರುತ್ತದೆ, ಸರಿಯಾದ ಚಿಹ್ನೆಯೊಂದಿಗೆ. ಈಗ ಬಳೆ ಬಹಳ ಭಾರ ಎಂದುಕೊಳ್ಳಿ. I ಎದುರು m R² ಚಿಕ್ಕದಾದರೆ ನಡುವಿನ ಪದ ಹೀಗೆ ಬಿಚ್ಚಿಕೊಳ್ಳುತ್ತದೆ:

J²/[2(I + m R² sin²θ)] ≈ J²/(2I) − ½ m R² ω² sin²θ

ಇಲ್ಲಿ ω = J/I. ಮೊದಲ ಭಾಗ ಸ್ಥಿರ, ಎಣಿಕೆಗೆ ಬೇಡ. ಉಳಿದದ್ದು ನಮ್ಮ h! ಋಣ ಚಿಹ್ನೆ ಎಲ್ಲಿಂದ ಬಂತೆಂದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಮಣಿ ಹೊರಗೆ ಸರಿದಾಗ ಬಳೆ ಸ್ವಲ್ಪ ನಿಧಾನವಾಗಿ m R² ω² sin²θ ನಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಮಣಿಯ ಸುತ್ತಾಟ ಅದರ ಅರ್ಧವನ್ನು ಪಡೆಯುತ್ತದೆ. ಎರಡೂ ಸೇರಿ ನಿವ್ವಳ ಅರ್ಧ ಖೋತಾ. ಮೋಟಾರಿದ್ದಾಗಲೂ ನಡೆಯುವುದು ಇದೇ, ಖೋತಾ ಮಾತ್ರ ಮೋಟಾರಿನ ಲೆಕ್ಕಕ್ಕೆ ಬೀಳುತ್ತದೆ. ನೀವು ಮಣಿಯ ಗಳಿಕೆಯನ್ನು ಬರೆದುಕೊಂಡಿರಿ, ಬಳೆ ಕಳೆದುಕೊಂಡದ್ದು ಬಿಟ್ಟುಹೋಯಿತು.

ಇದೇ ಬಿಡಿ ಬಳೆಯಲ್ಲಿ ಲಗ್ರಾಂಜಿಯನ್ ಹಿಡಿದವರಿಗೂ ಒಂದು ಗುಂಡಿ ಕಾದಿದೆ. ಉತ್ತರಪತ್ರಿಕೆಗಳಲ್ಲಿ ನಾನು ಹೆಚ್ಚು ಕಾಣುವ ತಪ್ಪು ಇದು, ಒಳ್ಳೆಯ ವಿದ್ಯಾರ್ಥಿಗಳೇ ಮಾಡುವ ತಪ್ಪು. J ಸ್ಥಿರ ಎಂದು ತಿಳಿದ ಕೂಡಲೇ φ̇ = J/(I + m R² sin²θ) ಎಂದು L ನೊಳಗೇ ತುಂಬಿಬಿಡುತ್ತಾರೆ, ಆಮೇಲೆ θ ಗೆ ಸಮೀಕರಣ ಬರೆಯುತ್ತಾರೆ. ಬರುವುದು ಮತ್ತೆ ಉಲ್ಟಾ ಚಿಹ್ನೆ. ∂L/∂θ ತೆಗೆಯುವಾಗ φ̇ ಅನ್ನು ಹಾಗೇ ಹಿಡಿದಿಟ್ಟಿರಬೇಕು. ಮೊದಲೇ ತುಂಬಿದರೆ φ̇ ಒಳಗೆ θ ಅಡಗಿ ಕೂತು, ಅವಕಲನದಲ್ಲಿ ಬೇಡದ ಪದ ಹುಟ್ಟುತ್ತದೆ. ಮೊದಲು ಎರಡು ಸಮೀಕರಣಗಳನ್ನೂ ಬರೆದು, ಆಮೇಲೆ φ̇ ತುಂಬಿ. ಮೊದಲೇ ತುಂಬಲೇಬೇಕು ಎಂದಾದರೆ L ಬದಲು L − J φ̇ ಎಂಬ ರೌತ್ ಫಲನವನ್ನು ಬಳಸಿ, ಅದು ಚಿಹ್ನೆಯನ್ನು ಸರಿಮಾಡಿಕೊಂಡೇ ಬರುತ್ತದೆ. ಮೋಟಾರಿರುವ ಬಳೆಯಲ್ಲಿ φ̇ = ω ಎಂದು L ನಲ್ಲಿ ನೇರವಾಗಿ ತುಂಬಿದ್ದು ಏಕೆ ತಪ್ಪಾಗಲಿಲ್ಲ ಎಂದರೆ, ಅಲ್ಲಿ ω ಹೊರಗಿನಿಂದ ಹೇರಿದ ಸಂಖ್ಯೆ. θ ಏನೇ ಆದರೂ ಅದು ಬದಲಾಗುವುದಿಲ್ಲ. ಇಲ್ಲಿ φ̇ ಚಲನೆಯ ಫಲ.

ಇನ್ನು ನಿಮ್ಮ ರೂಂಮೇಟ್ ಮಾತು. ಕೇಂದ್ರಾಪಗಾಮಿ ಬಲ ಎಂಬುದು ಬಳೆಯ ಜೊತೆ ತಾನೂ ತಿರುಗುತ್ತಿರುವ ವೀಕ್ಷಕನಿಗೆ ಬೇಕಾದ ಬಲ. ಅವನ ಪಾಲಿಗೆ ಬಳೆ ನಿಂತಿದೆ, ಮಣಿಯ ಚಲನಶಕ್ತಿ ಬರೀ ½ m R² θ̇². ಬದಲಿಗೆ ಅವನು ಪ್ರಚ್ಛನ್ನ ಶಕ್ತಿಗೆ − ½ m ω² R² sin²θ ಸೇರಿಸಿಕೊಳ್ಳುತ್ತಾನೆ. L ಬರೆದರೆ ಅಕ್ಷರಶಃ ನಮ್ಮ L ಸಿಗುತ್ತದೆ, ಅವನ ಒಟ್ಟು ಶಕ್ತಿ ನಮ್ಮ h. ಕೊರಿಯೊಲಿಸ್ ಬಲ ಬಳೆಯ ಸಮತಲಕ್ಕೆ ಅಡ್ಡವಾಗಿರುವುದರಿಂದ θ ಚಲನೆಗೆ ಅದರಿಂದ ಏನೂ ಆಗದು, ಬಳೆಯ ತಂತಿಯ ಪಕ್ಕ ಅದನ್ನು ತಡೆದುಕೊಳ್ಳುತ್ತದೆ. ಮೇಲೆ ಬರೆದ N ಅದಕ್ಕೆ ಎದುರು ನಿಂತ ಬಲವೇ. ಹೀಗಾಗಿ ರೂಂಮೇಟ್ ದಾರಿ ಒಳ್ಳೆಯದೇ, ನನ್ನನ್ನು ಕೇಳಿದರೆ ಸಮತೋಲನ ಹುಡುಕುವುದಕ್ಕೆ ಅದೇ ಸಲೀಸು. ಆದರೆ ನೆಲದ ಮೇಲೆ ನಿಂತು T ಬರೆದು, ಅದಕ್ಕೆ ತಿರುಗುವವನ ಬಲವನ್ನೂ ಸೇರಿಸಿದರೆ ಒಂದೇ ಪರಿಣಾಮವನ್ನು ಎರಡು ಸಲ ಎಣಿಸಿದಂತೆ. ω² ಜಾಗದಲ್ಲಿ 2ω² ಬಂದಿರುತ್ತದೆ. ನಿಮ್ಮ ಮೂರನೇ ಉತ್ತರದಲ್ಲಿ ಅದೇ ಆಗಿದೆಯೇ ನೋಡಿಕೊಳ್ಳಿ. ಗುರುತು ಸುಲಭ: ಮಣಿ ತಳ ಬಿಡಲು ಬೇಕಾದ ಬಳೆಯ ವೇಗ √2 ಪಟ್ಟು ಕಡಿಮೆ ಬರುತ್ತದೆ.

ಆ ವೇಗ ಎಷ್ಟು? θ̈ = 0 ಆಗುವ ಜಾಗಗಳು ತಳ, ನೆತ್ತಿ, ಮತ್ತು cosθ = g/(R ω²) ಆಗುವ ಕೋನ. ಮೂರನೆಯದು ಇರಬೇಕೆಂದರೆ ω² ಎಂಬುದು g/R ಗಿಂತ ಹೆಚ್ಚಿರಬೇಕು. ನಮ್ಮ 10 ಸೆಂ.ಮೀ. ಬಳೆಗೆ √(g/R) = 9.9 ರೇಡಿಯನ್/ಸೆಕೆಂಡ್, ನಿಮಿಷಕ್ಕೆ ಸುಮಾರು 94.5 ಸುತ್ತು. ಎರಡೆರಡು ಸಲ ಎಣಿಸಿದವರಿಗೆ ಇದು 67ರ ಹತ್ತಿರ ಬರುತ್ತದೆ. ಮಣಿಯ ತೂಕ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಉಕ್ಕಿನ ಮಣಿಯೋ ಗಾಜಿನ ಮಣಿಯೋ, ತಳ ಬಿಡುವ ವೇಗ ಒಂದೇ.

ಈ ವೇಗಕ್ಕಿಂತ ಕೆಳಗೆ ತಳದ ಸುತ್ತ ಸಣ್ಣ ತೂಗಾಟದ ಕೋನೀಯ ಆವೃತ್ತಿ √(g/R − ω²). ಬಳೆ ನಿಂತಿದ್ದಾಗ ಒಂದು ತೂಗಾಟಕ್ಕೆ 0.635 ಸೆಕೆಂಡ್. 60 ಸುತ್ತಿನಲ್ಲಿ 0.82. 90 ಸುತ್ತಿನಲ್ಲಿ ಎರಡು ಸೆಕೆಂಡ್ ದಾಟುತ್ತದೆ. ಮಣಿಯನ್ನು ತಳಕ್ಕೆ ವಾಪಸ್ ತರುವ ಬಲ ಸೋರಿಹೋಗುತ್ತಾ ಬಂದು 94.5 ಸುತ್ತಿನಲ್ಲಿ ಇಲ್ಲವೇ ಇಲ್ಲವಾಗುತ್ತದೆ. ಅದಕ್ಕಿಂತ ಮೇಲೆ ತಳ ಅಸ್ಥಿರ, ಹೊಸ ಕೋನ ಸ್ಥಿರ. ಆ ಕೋನ θ₀ ಸುತ್ತ ತೂಗಾಟದ ಕೋನೀಯ ಆವೃತ್ತಿ ω sinθ₀. 120 ಸುತ್ತಿನಲ್ಲಿ θ₀ = 51.6°, ತೂಗಾಟಕ್ಕೆ 0.64 ಸೆಕೆಂಡ್. ನೆತ್ತಿ ಯಾವ ವೇಗದಲ್ಲೂ ಸ್ಥಿರವಲ್ಲ, ಮತ್ತು θ₀ ಎಂದೂ 90° ತಲುಪದು. ಎಷ್ಟೇ ಜೋರಾಗಿ ತಿರುಗಿಸಿ, ಮಣಿ ಬಳೆಯ ನಡುಮಟ್ಟಕ್ಕಿಂತ ಕೂದಲೆಳೆ ಕೆಳಗೇ ನಿಲ್ಲುತ್ತದೆ. ತೂಕವನ್ನು ಹೊರಲು ಬಳೆಯ ಪ್ರತಿಕ್ರಿಯೆಗೆ ಸ್ವಲ್ಪವಾದರೂ ಮೇಲ್ಮುಖ ಓರೆ ಬೇಕು.

ನಿಮ್ಮ ಎರಡು ಸಮೀಕರಣಗಳ ನಡುವೆ ಪ್ರಯೋಗದಿಂದಲೇ ತೀರ್ಪು ಬೇಕಿದ್ದರೆ ಮಣಿ ಮೇಲೇರುವವರೆಗೆ ಕಾಯಬೇಕಿಲ್ಲ. ಬಳೆಯನ್ನು 60 ಸುತ್ತಿನಲ್ಲಿ ತಿರುಗಿಸಿ ತೂಗಾಟವನ್ನು ಅಳೆಯಿರಿ. T + V ಸಮೀಕರಣ ತೂಗಾಟ ಚುರುಕಾಗಬೇಕು, 0.54 ಸೆಕೆಂಡ್‌ಗೆ ಇಳಿಯಬೇಕು ಎನ್ನುತ್ತದೆ. ಲಗ್ರಾಂಜಿಯನ್ ನಿಧಾನವಾಗಬೇಕು, 0.82ಕ್ಕೆ ಏರಬೇಕು ಎನ್ನುತ್ತದೆ. ನಿಂತ ಬಳೆಯ 0.635 ನಡುವೆ ಇದೆ. ಮೊಬೈಲಿನ ನಿಧಾನಗತಿಯ ವಿಡಿಯೊ ಇದಕ್ಕೆ ಸಾಕು.

ಪ್ರಯೋಗಾಲಯದಲ್ಲಿ ಮಾಡುವುದಾದರೆ ಮೂರು ಸಂಗತಿ ನಿಮ್ಮನ್ನು ಕಾಡುತ್ತವೆ. ಒಂದು, ಬಹಳ ಕಡೆ ಮಣಿಯ ಬದಲು ತೋಡಿನಲ್ಲಿ ಉರುಳುವ ಉಕ್ಕಿನ ಗೋಲಿ ಇಟ್ಟಿರುತ್ತಾರೆ. ಉರುಳುವ ಗೋಲಿ ತನ್ನ ಸುತ್ತ ತಾನೂ ತಿರುಗಬೇಕಾದ್ದರಿಂದ ತೂಗಾಟ ನಿಧಾನವಾಗುತ್ತದೆ. ನಿಂತ ಬಳೆಯಲ್ಲಿ, ಒಂದೇ ಬಿಂದುವಿನಲ್ಲಿ ತಾಗಿ ಜಾರದೆ ಉರುಳಿದರೆ √(7/5), ಅಂದರೆ 1.18 ಪಟ್ಟು. ತೋಡಿನ ಎರಡು ಅಂಚುಗಳ ಮೇಲೆ ಕೂತು ಉರುಳಿದರೆ ಇನ್ನೂ ಹೆಚ್ಚು. ಹಾಗಾಗಿ ಮೊದಲು ಬಳೆ ನಿಲ್ಲಿಸಿ ತೂಗಾಟ ಅಳೆಯಿರಿ. 0.635ರ ಬದಲು 0.75 ಬಂದರೆ ಗೋಲಿ ಉರುಳುತ್ತಿದೆ ಎಂದರ್ಥ. R ಅನ್ನು ಗೋಲಿಯ ಕೇಂದ್ರದವರೆಗೆ ಅಳೆಯಬೇಕು, ತೋಡಿನ ತಳದವರೆಗೆ ಅಲ್ಲ.

ಎರಡು, ಮೋಟಾರು. ω ಸ್ಥಿರ ಎಂದು ನಾವು ಬರೆದುಕೊಂಡೆವು, ಅದನ್ನು ಪಾಲಿಸುವುದು ಮೋಟಾರಿನ ಕೈಲಿದೆ. 200 ಗ್ರಾಂ ಬಳೆಗೆ ವ್ಯಾಸದ ಸುತ್ತ I = ½ M R² = 0.001 ಕೆ.ಜಿ. ಮೀ². ಮೋಟಾರು ಏನೂ ನೆರವಾಗದಿದ್ದರೆ, 10 ಗ್ರಾಂ ಮಣಿ 76° ಏರಿದಾಗ ಬಳೆಯ ವೇಗ ಶೇ 9ರ ಹತ್ತಿರ ಕುಸಿಯುತ್ತದೆ. ಆಟಿಕೆಯ ಮೋಟಾರುಗಳಲ್ಲಿ ಇದರ ಒಂದು ಪಾಲು ಕಂಡೇ ಕಾಣುತ್ತದೆ. ಹಗುರ ಮಣಿ, ಭಾರದ ಬಳೆ ಇಟ್ಟುಕೊಳ್ಳುವುದು ಉತ್ತಮ. ವೇಗವನ್ನು ಒಮ್ಮೆ ಅಳೆದು ಬಿಡದೆ ಮಣಿ ಮೇಲಿದ್ದಾಗಲೂ ಅಳೆಯಿರಿ.

ಮೂರನೆಯದು ಘರ್ಷಣೆ, ಜನ ಹೆಚ್ಚು ಮೋಸ ಹೋಗುವುದು ಇದರಿಂದಲೇ. ಘರ್ಷಣಾಂಕ ಬರೀ 0.1 ಇದ್ದರೂ 120 ಸುತ್ತಿನಲ್ಲಿ ತಳದಿಂದ 10 ಡಿಗ್ರಿಯೊಳಗೆ ನಿಂತ ಮಣಿ ಅಲ್ಲೇ ನಿಂತಿರುತ್ತದೆ, ಏಳುವುದೇ ಇಲ್ಲ. ಎದ್ದ ಮಣಿ 51.6°ಯಲ್ಲೇ ನಿಲ್ಲಬೇಕೆಂದಿಲ್ಲ, ಸುಮಾರು 41°ರಿಂದ 60°ವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಬಳೆಯನ್ನು ನಿಧಾನವಾಗಿ ಜೋರು ಮಾಡುತ್ತಾ ಹೋದರೆ ಮಣಿ ತಡವಾಗಿ ಏಳುತ್ತದೆ, ನಿಧಾನ ಮಾಡುತ್ತಾ ಬಂದರೆ ತಡವಾಗಿ ಇಳಿಯುತ್ತದೆ. ಏರುವಾಗ ಮತ್ತು ಇಳಿಯುವಾಗ ಕೋನಗಳು ಬೇರೆಬೇರೆ ಬಂದರೆ ಸಿದ್ಧಾಂತವನ್ನು ಅನುಮಾನಿಸಬೇಡಿ, ಘರ್ಷಣೆಯನ್ನು ಅನುಮಾನಿಸಿ. ಪ್ರತಿ ವೇಗದಲ್ಲೂ ಮಣಿಯನ್ನು ಒಮ್ಮೆ ಕೆಳಗಿನಿಂದ, ಒಮ್ಮೆ ಮೇಲಿನಿಂದ ಬಿಟ್ಟು, ನಿಂತ ಎರಡು ಕೋನಗಳನ್ನೂ ಬರೆದುಕೊಳ್ಳಿ. cosθ ವನ್ನು 1/ω² ಎದುರು ಗ್ರಾಫ್ ಹಾಕಿದರೆ ಬಿಂದುಗಳು ಒಂದು ಪಟ್ಟಿಯಾಗಿ ಹರಡುತ್ತವೆ. ಆ ಪಟ್ಟಿಯೊಳಗೆ, ಮೂಲಬಿಂದುವಿನಿಂದ ಹೊರಟ g/R ಓರೆಯ ನೇರ ಗೆರೆ ಹಾದುಹೋಗಬೇಕು. ನಿಮ್ಮ ಸಮೀಕರಣದಿಂದ ಬಂದ ಗೆರೆಯ ಓರೆ ಅದರ ಅರ್ಧದಷ್ಟಿದ್ದರೆ ಕೇಂದ್ರಾಪಗಾಮಿ ಬಲ ನಿಮ್ಮ ಲೆಕ್ಕದಲ್ಲಿ ಇನ್ನೂ ಎರಡು ಸಲ ಕೂತಿದೆ.